‘ಆರ್/ಓ ಟಿಬಿ’ ಅಂದರೆ ಟಿಬಿ ಇಲ್ಲ ಅಂತಲ್ಲ: ಡಾಕ್ಟರ ಶಾರ್ಟ್‌ಫಾರ್ಮ್ ಬಿಡಿಸಿ ಬರೆಯುವ ಬಗೆ

ಪ್ರಶ್ನೆ: ಸರ್, ನಾನು ಯಾದಗಿರಿಯ ಒಂದು ನರ್ಸಿಂಗ್ ಹೋಮ್‌ನಲ್ಲಿ ಡಿಸ್ಚಾರ್ಜ್ ಸಮ್ಮರಿ ಟೈಪ್ ಮಾಡುತ್ತೇನೆ. ಓದಿದ್ದು ಬಿಕಾಂ. ನಮ್ಮ ಡಾಕ್ಟರು ಕೇಸ್‌ಶೀಟ್ ಪೂರ್ತಿ ಶಾರ್ಟ್‌ಫಾರ್ಮ್‌ನಲ್ಲೇ ಬರೆಯುತ್ತಾರೆ. ‘ಎಲ್ಲಾ ಫುಲ್‌ಫಾರ್ಮ್ ಮಾಡಿ ಕೊಡು, ಇಲ್ಲದಿದ್ದರೆ ಇನ್ಶೂರೆನ್ಸ್ ಕಂಪನಿ ಪರವಾಗಿ ಬಿಲ್ ನೋಡುವ ಟಿಪಿಎದವರು ಕ್ಲೇಮ್ ವಾಪಸ್ ಕಳಿಸುತ್ತಾರೆ’ ಎಂದು ಮ್ಯಾನೇಜರ್ ಹೇಳಿದ್ದಾರೆ. ಇಂಟರ್ನೆಟ್‌ನಿಂದ ಒಂದು ಪಟ್ಟಿ ಇಳಿಸಿಕೊಂಡಿದ್ದೇನೆ. ಹೋದ ವಾರ ಹೈದರಾಬಾದಿಗೆ ರೆಫರ್ ಆದ ಒಬ್ಬರ ಸಮ್ಮರಿಯಲ್ಲಿ ‘ಆರ್/ಓ ಟಿಬಿ’ ಎಂದಿದ್ದನ್ನು ‘ಟಿಬಿ ರೂಲ್ಡ್ ಔಟ್’ ಎಂದು ಟೈಪ್ ಮಾಡಿದ್ದೆ. ಅಲ್ಲಿನ ಡಾಕ್ಟರು ಫೋನ್ ಮಾಡಿ ‘ಯಾವ ಟೆಸ್ಟ್ ಮಾಡಿ ಟಿಬಿ ಇಲ್ಲ ಅಂದಿರಿ?’ ಎಂದು ಕೇಳಿದರು. ಅಂದಿನಿಂದ ಪ್ರತಿ ಸಾಲಿಗೂ ಭಯ. ಎಲ್ಲವನ್ನೂ ಬಿಡಿಸಿ ಬರೆಯಬೇಕಾ? ಪಟ್ಟಿ ಇಟ್ಟುಕೊಂಡು ಕಂಪ್ಯೂಟರಿನಲ್ಲಿ ರಿಪ್ಲೇಸ್ ಆಲ್ ಕೊಟ್ಟರೆ ನಡೆಯುತ್ತಾ?

ಉತ್ತರ: ಆ ಡಾಕ್ಟರು ಫೋನ್ ಮಾಡಿದ್ದು ಒಳ್ಳೆಯದೇ ಆಯಿತು. ‘ರೂಲ್ ಔಟ್’ ಎಂದು ಡಾಕ್ಟರು ಬರೆದರೆ ಅನುಮಾನ ಇನ್ನೂ ಇದೆ ಎಂದರ್ಥ. ಕಫ ಕಳಿಸಿ, ಪರೀಕ್ಷೆ ಮಾಡಿಸಿ, ಆಮೇಲೆ ಇಲ್ಲ ಎನ್ನಬೇಕು. ‘ರೂಲ್ಡ್ ಔಟ್’ ಎಂದರೆ ಪರೀಕ್ಷೆ ಮುಗಿದು ಇಲ್ಲ ಎಂದು ಖಚಿತವಾಗಿದೆ. ಮುಂದಿನ ಆಸ್ಪತ್ರೆಯವರು ನಿಮ್ಮ ಕಾಗದ ನಂಬಿದ್ದರೆ ಕಫದ ಪರೀಕ್ಷೆಯನ್ನೇ ಬಿಟ್ಟುಬಿಡುತ್ತಿದ್ದರು. ಇಂಥ ಕಡೆ ‘ಟು ಬಿ ರೂಲ್ಡ್ ಔಟ್’ ಎಂದು ಬರೆಯಿರಿ. ಅಷ್ಟು ಬರೆದರೆ ಡಾಕ್ಟರ ಅನುಮಾನ ಇದ್ದ ಹಾಗೆಯೇ ಮುಂದಿನವರ ಕೈ ಸೇರುತ್ತದೆ.

ಕಲಬುರಗಿಯಲ್ಲಿ ಮೆಡಿಕಲ್ ರೆಕಾರ್ಡ್ಸ್ ಕೆಲಸ ಮಾಡುತ್ತಾ ನಾನು ಜಾಸ್ತಿ ಕೇಳಿದ ಮಾತು ಒಂದೇ: ‘ಫುಲ್‌ಫಾರ್ಮ್ ಬರೆದರೆ ಸೇಫ್.’ ಇದು ಅರ್ಧ ಮಾತ್ರ ನಿಜ. ಅರ್ಥವಾಗದ ಶಾರ್ಟ್‌ಫಾರ್ಮ್ ಹಾಗೇ ಇದ್ದರೆ ಮುಂದಿನ ಡಾಕ್ಟರು ‘ಇದೇನಿದು?’ ಎಂದು ನಿಲ್ಲುತ್ತಾರೆ, ಫೋನ್ ಮಾಡುತ್ತಾರೆ, ಇಲ್ಲವೇ ತಾವೇ ಪರೀಕ್ಷೆ ಮಾಡಿಕೊಳ್ಳುತ್ತಾರೆ. ತಪ್ಪು ಫುಲ್‌ಫಾರ್ಮ್ ಮಾತ್ರ ಅಚ್ಚುಕಟ್ಟಾಗಿ ಟೈಪ್ ಆಗಿ, ಸೀಲು ಸಹಿ ಹಾಕಿಸಿಕೊಂಡು ಹೋಗುತ್ತದೆ. ಅದನ್ನು ಯಾರೂ ಅನುಮಾನಿಸುವುದಿಲ್ಲ. ಹಾಗಾಗಿ ಖಚಿತವಾಗಿ ಗೊತ್ತಿರುವುದನ್ನು ಬಿಡಿಸಿ, ಗೊತ್ತಿಲ್ಲದ್ದನ್ನು ಹಾಗೇ ಇಟ್ಟು ಕೇಳಿ. ಡಾಕ್ಟರು ಅರ್ಧ ಅನುಮಾನದಲ್ಲಿ ಬರೆದಿದ್ದರೆ ಟೈಪ್ ಆದ ಕಾಪಿಯಲ್ಲೂ ಅಷ್ಟೇ ಅನುಮಾನ ಉಳಿಯಬೇಕು.

ರಿಪ್ಲೇಸ್ ಆಲ್ ಬೇಡವೇ ಬೇಡ. ‘ಓಡಿ’ ಬಂದಲ್ಲೆಲ್ಲ ‘ದಿನಕ್ಕೊಮ್ಮೆ’ ಎಂದು ಮಾಡು ಅಂದರೆ ಇಂಗ್ಲಿಷಿನ ಬ್ಲಡ್, ಫುಡ್ ಪದಗಳ ಬಾಲದಲ್ಲಿರುವ ಓಡಿಯನ್ನೂ ಕಂಪ್ಯೂಟರ್ ಬದಲಿಸಿ ಕೂರುತ್ತದೆ. ಇದನ್ನು ನೋಡಿ ನಗಬಹುದು, ತಪ್ಪು ಕಣ್ಣಿಗೂ ಬೀಳುತ್ತದೆ. `Find whole words only` ಟಿಕ್ ಮಾಡಿದರೆ ಅದು ನಿಲ್ಲುತ್ತದೆ. ಆದರೆ ಟಿಕ್ ಮಾಡಿದರೂ ನಿಲ್ಲದ ತೊಂದರೆ ಬೇರೆ ಇದೆ: ಒಂದೇ ಶಾರ್ಟ್‌ಫಾರ್ಮ್‌ಗೆ ಒಂದೇ ಹಾಳೆಯಲ್ಲಿ ಎರಡು ಮೂರು ಅರ್ಥ ಇರುತ್ತವೆ.

ಒಂದು ಕೇಸ್‌ಶೀಟ್ ತೆಗೆದುಕೊಳ್ಳೋಣ. ಹೆಸರು ಊರು ಎಲ್ಲ ಕಲ್ಪಿತ, ಆದರೆ ಬರಹದ ರೀತಿ ನೀವು ದಿನಾ ನೋಡುವಂಥದ್ದೇ. ಶಹಾಪುರ ಕಡೆಯ 58 ವರ್ಷದ ಹೆಂಗಸು. ಮೇಲಿನ ಸಾಲಿನಲ್ಲಿ ‘ಡಬ್ಲ್ಯೂ/ಓ’ ಅಂತ ಗಂಡನ ಹೆಸರು, ‘ಆರ್/ಓ’ ಅಂತ ಊರ ಹೆಸರು. ಕೆಳಗೆ ಹೀಗಿದೆ: ‘ಸಿ/ಓ ಜ್ವರ × 3/7, ಎಸ್‌ಒಬಿ. ಕೆ/ಸಿ/ಓ ಡಿಎಂ × 10 ವರ್ಷ, ಆನ್ ಓಎಚ್‌ಎ. ಎನ್/ಕೆ/ಸಿ/ಓ ಎಚ್‌ಟಿಎನ್/ಟಿಬಿ/ಬಿಎ. ಆರ್‌ಎಸ್: ಬಿಎಸ್ ಬಲ ಬೇಸ್‌ನಲ್ಲಿ ಕಮ್ಮಿ, ಕ್ರೆಪ್ಸ್ ಪ್ಲಸ್. ಪಿ/ಎ: ಸಾಫ್ಟ್, ಬಿಎಸ್ ಪ್ಲಸ್. ಬಿಎಸ್ 342. ? ಬಲ ಎಲ್‌ಎಲ್ ನ್ಯುಮೋನಿಯಾ. ಆರ್/ಓ ಟಿಬಿ.’

ಮೊದಲು ‘ಆರ್/ಓ’ ನೋಡಿ. ವಿಳಾಸದ ಮುಂದೆ ಇದ್ದರೆ ರೆಸಿಡೆಂಟ್ ಆಫ್, ರೋಗದ ಮುಂದೆ ಇದ್ದರೆ ರೂಲ್ ಔಟ್. ‘ಡಬ್ಲ್ಯೂ/ಓ’ ಹೆಸರಿನ ಹಿಂದೆ ವೈಫ್ ಆಫ್, ಬೇರೆ ಕಡೆ ವಿದೌಟ್. ‘ಎಸ್/ಓ’ ಹೆಸರಿನ ಸಾಲಿನಲ್ಲಿ ಸನ್ ಆಫ್, ಎಕ್ಸ್‌ರೇ ರಿಪೋರ್ಟಿನಲ್ಲಿ ಸಜೆಸ್ಟಿವ್ ಆಫ್. ‘ಸಿ/ಓ’ ವಿಳಾಸದಲ್ಲಿ ಕೇರ್ ಆಫ್, ದೂರಿನ ಸಾಲಿನಲ್ಲಿ ಕಂಪ್ಲೇಂಟ್ಸ್ ಆಫ್. ವಿದೇಶದಲ್ಲಿ ತಯಾರಾದ ಪಟ್ಟಿಗಳಲ್ಲಿ ಗಂಡ, ಅಪ್ಪನ ಹೆಸರಿನ ಸಾಲು ಇರುವುದೇ ಇಲ್ಲ. ಹಾಗಾಗಿ ನೀವು ಇಳಿಸಿಕೊಂಡ ಪಟ್ಟಿ ಅಂಥದ್ದಾದರೆ ಈ ಜೋಡಿ ಅರ್ಥಗಳು ಅದರಲ್ಲಿ ಸಿಗಲಿಕ್ಕಿಲ್ಲ.

ಇನ್ನು ‘ಬಿಎಸ್’. ಈ ಒಂದೇ ಹಾಳೆಯಲ್ಲಿ ಮೂರು ಸಲ ಬಂದಿದೆ, ಮೂರು ಸಲವೂ ಬೇರೆ. ‘ಆರ್‌ಎಸ್’ ಅಂದರೆ ಉಸಿರಾಟದ ಪರೀಕ್ಷೆಯ ಸಾಲು, ಅಲ್ಲಿ ಅದು ಬ್ರೆತ್ ಸೌಂಡ್ಸ್. ‘ಪಿ/ಎ’ ಹೊಟ್ಟೆಯ ಪರೀಕ್ಷೆ, ಅಲ್ಲಿ ಬವೆಲ್ ಸೌಂಡ್ಸ್, ಕರುಳಿನ ಸದ್ದು. 342 ಎಂಬ ಅಂಕಿಯ ಜೊತೆ ಬ್ಲಡ್ ಶುಗರ್. ಮೂರನ್ನೂ ಬಿಡಿಸಬಹುದು, ಅನುಮಾನವಿಲ್ಲ. ಆದರೆ ಬಿಡಿಸಿಕೊಟ್ಟಿದ್ದು ಅದು ಕೂತಿರುವ ಸಾಲು. ಬರೀ ಎರಡು ಅಕ್ಷರ ನೋಡಿದ್ದರೆ ಯಾರಿಗೂ ಆಗುತ್ತಿರಲಿಲ್ಲ. ಶುಗರಿನ ವಿಷಯದಲ್ಲಿ ಇನ್ನೊಂದು ಮಾತು: ‘ಬ್ಲಡ್ ಶುಗರ್ 342’ ಎಂದಷ್ಟೇ ಬರೆಯಿರಿ. ‘ರಾಂಡಮ್’ ಎಂದೋ ‘ಫಾಸ್ಟಿಂಗ್’ ಎಂದೋ ನೀವು ಸೇರಿಸಬೇಡಿ. ಡಾಕ್ಟರು ‘ಜಿಆರ್‌ಬಿಎಸ್’ ಎಂದು ಬರೆದಿದ್ದರೆ ರಾಂಡಮ್ ಎನ್ನಬಹುದಿತ್ತು. ಇಲ್ಲಿ ಹಾಗೆ ಬರೆದಿಲ್ಲ. ಲ್ಯಾಬ್ ಚೀಟಿ ಫೈಲಿನಲ್ಲಿದ್ದರೆ ಅದರಲ್ಲಿರುವ ಹೆಸರು, ಅಳತೆ ನೋಡಿ ಹಾಕಿ.

‘ಬಲ ಎಲ್‌ಎಲ್’ ಇಲ್ಲಿ ಲೋವರ್ ಲೋಬ್, ಶ್ವಾಸಕೋಶದ ಕೆಳಭಾಗ. ಮೂಳೆ ಡಾಕ್ಟರ ಹಾಳೆಯಲ್ಲಿ ಇದೇ ಎಲ್‌ಎಲ್ ಲೋವರ್ ಲಿಂಬ್, ಅಂದರೆ ಕಾಲು. ‘ಡಿಎನ್‌ಎಸ್’ ಕೂಡ ಹೀಗೇ. ಸಲೈನ್ ಚಾರ್ಟಿನಲ್ಲಿ ಡೆಕ್ಸ್‌ಟ್ರೋಸ್ ನಾರ್ಮಲ್ ಸಲೈನ್, ಕಿವಿ-ಮೂಗು-ಗಂಟಲು ಡಾಕ್ಟರು ಬರೆದರೆ ಮೂಗಿನ ನಡುಗೋಡೆ ಸೊಟ್ಟಗಿದೆ ಎಂದು. ನಮ್ಮ ತೊಗರಿ ಸೀಮೆಯಲ್ಲಿ ‘ಓಪಿ’ ಬಗ್ಗೆ ಇನ್ನೂ ಹುಷಾರಾಗಿರಬೇಕು. ಹೊಲದಲ್ಲಿ ಔಷಧಿ ಹೊಡೆಯುವ ಕಾಲದಲ್ಲಿ ಕ್ಯಾಶುವಾಲ್ಟಿ ಹಾಳೆಯ ಮೇಲೆ ‘ಎಚ್/ಓ ಓಪಿ ಎಕ್ಸ್‌ಪೋಶರ್’ ಎಂದಿದ್ದರೆ ಅದು ಆರ್ಗನೋಫಾಸ್ಫರಸ್ ಕೀಟನಾಶಕ, ಔಟ್‌ಪೇಷಂಟ್ ಅಲ್ಲ. ಹಾಗೆಯೇ ಎಕ್ಸ್‌ಪೋಶರ್ ಎಂದಿದ್ದನ್ನು ‘ಕನ್ಸಂಪ್ಷನ್’ ಅಥವಾ ‘ಪಾಯ್ಸನಿಂಗ್’ ಎಂದು ತಿದ್ದಬೇಡಿ. ಮೈಮೇಲೆ ಸಿಡಿದದ್ದಕ್ಕೂ ಕುಡಿದದ್ದಕ್ಕೂ ಚಿಕಿತ್ಸೆಯಲ್ಲಿ ವ್ಯತ್ಯಾಸ ಬರುತ್ತದೆ. ಪೊಲೀಸ್ ಕಾಗದದಲ್ಲಂತೂ ಅರ್ಥವೇ ಬೇರೆಯಾಗುತ್ತದೆ.

ಜ್ವರದ ಮುಂದಿನ ‘3/7’ ಜುಲೈ 3 ಅಲ್ಲ. ಮೂರು ದಿನದಿಂದ ಎಂದು. ಕೆಳಗಿನ 7 ವಾರದ ದಿನಗಳನ್ನು ಸೂಚಿಸುತ್ತದೆ. ಅದೇ ರೀತಿ 2/52 ಎರಡು ವಾರ, 3/12 ಮೂರು ತಿಂಗಳು. ಹಳೆಯ ಡಾಕ್ಟರುಗಳು ಹೀಗೆ ಬರೆಯುತ್ತಾರೆ, ಹೊಸಬರು ‘3 ಡಿ’ ಎನ್ನುತ್ತಾರೆ. ‘ಓಎಚ್‌ಎ’ ಅಂದರೆ ಓರಲ್ ಹೈಪೋಗ್ಲೈಸಿಮಿಕ್ ಏಜೆಂಟ್ಸ್, ಶುಗರಿನ ಮಾತ್ರೆಗಳು. ಎಲ್ಲರೂ ಮೆಟ್‌ಫಾರ್ಮಿನ್ ತಾನೇ ತಗೊಳ್ಳೋದು ಅಂತ ಮೆಟ್‌ಫಾರ್ಮಿನ್ ಎಂದು ಟೈಪ್ ಮಾಡಿದರೆ ಅದು ಬಿಡಿಸಿ ಬರೆದ ಹಾಗಲ್ಲ, ಹೊಸ ಮಾಹಿತಿ ಸೇರಿಸಿದ ಹಾಗೆ.

ನನ್ನ ಪ್ರಕಾರ ಈ ಹಾಳೆಯಲ್ಲಿ ಎಲ್ಲಕ್ಕಿಂತ ಅಪಾಯದ ಅಕ್ಷರ ‘ಎನ್/ಕೆ/ಸಿ/ಓ’ದ ಎನ್. ‘ಕೆ/ಸಿ/ಓ’ ಅಂದರೆ ನೋನ್ ಕೇಸ್ ಆಫ್, ರೋಗ ಇರುವುದು ಮೊದಲೇ ಗೊತ್ತು. ಮುಂದೆ ಎನ್ ಬಂದರೆ ನಾಟ್, ಹಾಗೆ ಗೊತ್ತಿಲ್ಲ. ಕೈಬರಹದಲ್ಲಿ ಆ ಎನ್ ಒಂದು ಗೀರಿನ ಹಾಗಿರುತ್ತದೆ, ಕೆಲವೊಮ್ಮೆ ಹಾಳೆಯ ಅಂಚಿನ ಪಂಚ್ ತೂತಿಗೇ ಹೋಗಿಬಿಡುತ್ತದೆ. ಅದು ಬಿಟ್ಟುಹೋದರೆ ಈ ಹೆಂಗಸಿಗೆ ಒಂದೇ ಏಟಿಗೆ ಬಿಪಿ, ಟಿಬಿ, ಅಸ್ತಮಾ ಮೂರೂ ಅಂಟಿಕೊಳ್ಳುತ್ತವೆ. ಇಷ್ಟೇ ಅಲ್ಲ. ಆ ಎನ್ ಅದರ ನಂತರ ಬರುವ ಮೂರೂ ರೋಗಗಳಿಗೆ ಸೇರಿದ್ದು. ನಿಮ್ಮ ಸಾಫ್ಟ್‌ವೇರ್‌ನಲ್ಲಿ ಒಂದೊಂದು ರೋಗಕ್ಕೆ ಒಂದೊಂದು ಖಾನೆ ಇದ್ದರೆ, ಮೊದಲ ಖಾನೆಗೆ ‘ನಾಟ್’ ಹಾಕಿ ಉಳಿದೆರಡಕ್ಕೆ ಬರೀ ರೋಗದ ಹೆಸರು ಹಾಕುವುದು ತುಂಬಾ ಸಾಮಾನ್ಯ ತಪ್ಪು. ಸಾಲು ಒಡೆದಾಗ ‘ನಾಟ್’ ಮೂರು ಸಲ ಬರೆಯಬೇಕು. ಇನ್ನೊಂದು ಕಡೆಯಿಂದಲೂ ನೋಡಿ: ‘ನಾಟ್ ಎ ನೋನ್ ಕೇಸ್ ಆಫ್ ಹೈಪರ್‌ಟೆನ್ಷನ್’ ಎಂದಿದ್ದನ್ನು ‘ನೋ ಹೈಪರ್‌ಟೆನ್ಷನ್’ ಎಂದು ಚಿಕ್ಕದು ಮಾಡಬೇಡಿ. ಬಿಪಿ ಇಲ್ಲವೆಂದು ಡಾಕ್ಟರು ಹೇಳಿಲ್ಲ. ಇದುವರೆಗೆ ಪತ್ತೆಯಾಗಿಲ್ಲ ಎಂದಿದ್ದಾರೆ ಅಷ್ಟೇ.

ನ್ಯುಮೋನಿಯಾದ ಹಿಂದಿನ ಪ್ರಶ್ನಾರ್ಥಕ ಚಿಹ್ನೆಯ ಕಥೆಯೂ ಇದೇ. ಟೈಪ್ ಮಾಡುವವರು ಅದನ್ನು ಗೀಚು ಅಂದುಕೊಂಡು ಬಿಡುತ್ತಾರೆ. ಅದಿಲ್ಲದಿದ್ದರೆ ‘ಇರಬಹುದು’ ಎನ್ನುವುದು ‘ಇದೆ’ ಆಗುತ್ತದೆ. ಚಿಹ್ನೆಯನ್ನು ಹಾಗೇ ಇಡಿ, ಇಲ್ಲವೇ ‘ಕ್ವೆರಿ’ ಎಂದು ಬರೆಯಿರಿ. ‘ಪ್ರಾಬಬಲ್’ ಬೇಡ. ಅದರಲ್ಲಿ ಎಷ್ಟು ಖಾತ್ರಿ ಇದೆ ಅನ್ನುವುದನ್ನು ಡಾಕ್ಟರು ಹೇಳಬೇಕು, ನಾವಲ್ಲ.

ಇಲ್ಲಿ ನಿಮ್ಮ ಮ್ಯಾನೇಜರರ ಮಾತಿಗೆ ಬರುತ್ತೇನೆ. ಟಿಪಿಎದವರು ಇಂಥ ಸಾಲುಗಳನ್ನೇ ಭೂತಗನ್ನಡಿ ಹಿಡಿದು ಓದುತ್ತಾರೆ. ‘ಕೆ/ಸಿ/ಓ ಡಿಎಂ × 10 ವರ್ಷ’ ಅಂದರೆ ಪಾಲಿಸಿಗಿಂತ ಮೊದಲೇ ರೋಗವಿತ್ತೇ ಎಂಬ ಪ್ರಶ್ನೆ ಬರುತ್ತದೆ. ಆಗ ‘ಆ ಹತ್ತು ವರ್ಷ ಬಿಟ್ಟುಬಿಡು’ ಎಂದೋ, ‘ಪ್ರಶ್ನೆ ಚಿಹ್ನೆ ತೆಗೆದು ಪಕ್ಕಾ ಮಾಡು’ ಎಂದೋ ಯಾರಾದರೂ ಹೇಳಬಹುದು. ಅದು ಟೈಪಿಂಗ್ ಕೆಲಸವಲ್ಲ, ದಾಖಲೆ ತಿದ್ದುವ ಕೆಲಸ. ಡಾಕ್ಟರ ಸಹಿ ಇಲ್ಲದೆ ಅದಕ್ಕೆ ಕೈ ಹಾಕಬೇಡಿ. 2002ರ ಮೆಡಿಕಲ್ ಕೌನ್ಸಿಲ್ ನಿಯಮದ ಪ್ರಕಾರ ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಡಬೇಕು, ರೋಗಿ ಕಡೆಯವರು ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಅಂದರೆ ಕೈಬರಹದ ಹಾಳೆ, ನಿಮ್ಮ ಟೈಪ್ ಕಾಪಿ ಎರಡನ್ನೂ ಯಾರಾದರೂ ಒಂದು ದಿನ ಪಕ್ಕಪಕ್ಕ ಇಟ್ಟು ನೋಡಬಹುದು.

ಔಷಧಿಯ ಭಾಗದಲ್ಲಿ ಅರ್ಥ ಕೆಡುವ ದಾರಿಯೇ ಬೇರೆ. ಇದೇ ರೋಗಿಗೆ ‘ಇಂಜೆಕ್ಷನ್ ಎಚ್‌ಎಐ 10 ಯು’ ಎಂದಿದೆ ಅಂದುಕೊಳ್ಳಿ. ಎಚ್‌ಎಐ ಅಂದರೆ ಹ್ಯೂಮನ್ ಆಕ್ಟ್ರಾಪಿಡ್ ಇನ್ಸುಲಿನ್. ಕೈಬರಹದಲ್ಲಿ ಆ ಯು ಮೇಲೆ ಕೂಡಿಕೊಂಡರೆ ಸೊನ್ನೆ, 10 ಯುನಿಟ್ ಹೋಗಿ 100 ಆಗುತ್ತದೆ. ಅಷ್ಟು ಇನ್ಸುಲಿನ್ ಜೀವ ತೆಗೆಯಬಹುದು. ಅಮೆರಿಕದ ಜಾಯಿಂಟ್ ಕಮಿಷನ್ ಎಂಬ ಸಂಸ್ಥೆ ಆಸ್ಪತ್ರೆಗಳಲ್ಲಿ ಬರೆಯಲೇಬಾರದ ಶಾರ್ಟ್‌ಫಾರ್ಮ್‌ಗಳ ಪಟ್ಟಿ ಮಾಡಿದಾಗ ಈ ಯು ಅದರಲ್ಲಿ ಸೇರಿತು. ಜೊತೆಗೆ ಐಯು ಕೂಡ, ಅದು ಐವಿ ಥರ ಕಾಣುತ್ತದೆ ಅಂತ. ಎಂಎಸ್ ಕೂಡ ಅದೇ ಪಟ್ಟಿಯಲ್ಲಿದೆ, ಮಾರ್ಫಿನ್ ಸಲ್ಫೇಟೋ ಮೆಗ್ನೀಷಿಯಂ ಸಲ್ಫೇಟೋ ತಿಳಿಯುವುದಿಲ್ಲ. ನೀವು ಟೈಪ್ ಮಾಡುವಾಗ ಯಾವಾಗಲೂ ‘ಯುನಿಟ್ಸ್’ ಎಂದು ಪೂರ್ತಿ ಬರೆಯಿರಿ, ಅಂಕಿಗೂ ಪದಕ್ಕೂ ನಡುವೆ ಜಾಗ ಬಿಡಿ. 5 ಎಂದಿದ್ದರೆ 5.0 ಮಾಡಬೇಡಿ, ಚುಕ್ಕೆ ಮಾಸಿದರೆ 50 ಆಗುತ್ತದೆ. ಬರೀ ಚುಕ್ಕೆ 5 ಎಂದಿದ್ದರೆ ಮುಂದೆ ಸೊನ್ನೆ ಹಾಕಿ 0.5 ಮಾಡಿ.

ಆದರೆ ಹಾಳೆಯ ಮೇಲೆ ಇರುವುದು 10 ಯು ಅಥವಾ 100 ಎಂದು ನಿಮಗೇ ತಿಳಿಯದಿದ್ದರೆ? ‘ನೂರು ಯಾರು ಕೊಡ್ತಾರೆ, ಹತ್ತೇ ಇರಬೇಕು’ ಎಂದು ತೀರ್ಮಾನಿಸಬೇಡಿ. ತೀರ್ಮಾನ ಸರಿಯೇ ಇರಬಹುದು, ಆದರೂ ಅದು ಊಹೆ. ನರ್ಸ್‌ಗಳ ಟ್ರೀಟ್‌ಮೆಂಟ್ ಚಾರ್ಟ್ ತೆಗೆದು ನಿಜವಾಗಿ ಎಷ್ಟು ಕೊಟ್ಟರು ನೋಡಿ. ಅದನ್ನು ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಿ. ಚಾರ್ಟ್ ಅವರನ್ನು ಕೇಳಲು ಒಂದು ಆಧಾರ ಅಷ್ಟೇ, ಉತ್ತರ ಅವರದೇ ಆಗಬೇಕು.

‘ಟಿಡಿಎಸ್’ ದಿನಕ್ಕೆ ಮೂರು ಸಲ. ಅದನ್ನು ‘ಎಂಟು ಗಂಟೆಗೊಮ್ಮೆ’ ಎಂದು ಚಂದ ಮಾಡಬೇಡಿ. ಎಂಟು ಗಂಟೆಗೊಮ್ಮೆ ಅಂದರೆ ರಾತ್ರಿ ಎಬ್ಬಿಸಿಯೂ ಕೊಡಬೇಕಾದೀತು. ‘ಬಿಡಿ’ ದಿನಕ್ಕೆರಡು ಸಲ. ಅದನ್ನು 1-0-1 ಮಾಡಿದರೆ ಒಂದೊಂದು ಮಾತ್ರೆ, ಬೆಳಿಗ್ಗೆ ಮತ್ತು ರಾತ್ರಿ ಎಂದು ನೀವೇ ನಿಗದಿ ಮಾಡಿದಂತೆ. ‘ಓಡಿ’ ದಿನಕ್ಕೊಮ್ಮೆ, ಆದರೆ ಕಣ್ಣಿನ ಡಾಕ್ಟರ ಚೀಟಿಯಲ್ಲಿ ಅದು ಬಲಗಣ್ಣೂ ಆಗಬಹುದು. ‘ಎಸ್‌ಒಎಸ್’ ಬೇಕಾದಾಗ ಮಾತ್ರ. ಪ್ಯಾರಾಸಿಟಮಾಲ್ ಎಸ್‌ಒಎಸ್ ಎಂದಿದ್ದಲ್ಲಿ ‘ಜ್ವರ ಬಂದರೆ’ ಎಂದು ಸೇರಿಸಲು ಕೈ ತುರಿಸುತ್ತದೆ, ಅಲ್ವಾ? ಅದು ನೋವಿಗೂ ಇರಬಹುದು. ಆದರೆ ರೋಗಿಗೆ ಕೊಡುವ ಕಾಪಿಯಲ್ಲಿ ಕಾರಣ ಇರಲೇಬೇಕು, ಮನೆಗೆ ಹೋದ ಮೇಲೆ ಅವರು ಯಾರನ್ನು ಕೇಳುತ್ತಾರೆ? ಹಾಗಾಗಿ ಅದನ್ನು ಡಾಕ್ಟರಿಂದಲೇ ಕೇಳಿ ಬರೆಯಿರಿ.

ಈಗ ದಾರಿ ಯಾವುದು? ಏನನ್ನೂ ಬಿಡಿಸದೆ ಕೊನೆಯಲ್ಲಿ ಅರ್ಥಗಳ ಪಟ್ಟಿ ಅಂಟಿಸುವುದು ಒಂದು. ಅರ್ಥ ಕೆಡುವುದಿಲ್ಲ, ಆದರೆ ಬಿಎಸ್ ಎದುರು ಮೂರು ಅರ್ಥ ಬರೆದುಕೊಟ್ಟರೆ ಓದುವವರಿಗೆ ಪ್ರಯೋಜನವಿಲ್ಲ. ಎಲ್ಲವನ್ನೂ ಬಿಡಿಸುವುದು ಇನ್ನೊಂದು. ಓದಲು ಸುಲಭ, ಅಪಾಯವೂ ಅಷ್ಟೇ. ನಾನು ಹೇಳುವುದು ಇವೆರಡರ ನಡುವಿನದು: ಬಿಡಿಸಿ ಬರೆಯಿರಿ, ಆದರೆ ಅನುಮಾನ ಬಂದಲ್ಲಿ ಮೂಲ ಶಾರ್ಟ್‌ಫಾರ್ಮ್ ಹಾಗೇ ಇಟ್ಟು ಚೌಕ ಕಂಸದಲ್ಲಿ ‘ಡಾಕ್ಟರನ್ನು ಕೇಳಬೇಕು’ ಎಂದು ಹಾಕಿ. ಸಹಿಗೆ ಹೋಗುವ ಮೊದಲು ಆ ಕಂಸಗಳೆಲ್ಲ ಖಾಲಿಯಾಗಬೇಕು. ಡಾಕ್ಟರು ಓದದೆ ಸಹಿ ಹಾಕುವವರಾದರೆ, ಕಂಸ ಇರುವ ಸಾಲುಗಳನ್ನಷ್ಟೇ ಬೆರಳಿಟ್ಟು ತೋರಿಸಿ. ಅರ್ಧ ನಿಮಿಷದ ಕೆಲಸ, ಯಾರೂ ಬೇಡ ಅನ್ನುವುದಿಲ್ಲ. ಕೈಬರಹದ ಮೂಲ ಹಾಳೆಯ ಮೇಲೆ ಮಾತ್ರ ನಿಮ್ಮ ಪೆನ್ನು ಬೀಳಬಾರದು. ಅಲ್ಲಿ ತಿದ್ದಬೇಕಾದರೆ ಡಾಕ್ಟರೇ ಒಂದು ಗೆರೆ ಎಳೆದು, ಪಕ್ಕದಲ್ಲಿ ಬರೆದು, ತಾರೀಖು ಸಹಿ ಹಾಕಬೇಕು.

ಇಳಿಸಿಕೊಂಡ ಪಟ್ಟಿ ಬಿಟ್ಟು ನಿಮ್ಮ ಆಸ್ಪತ್ರೆಯದೇ ಪಟ್ಟಿ ಮಾಡಿ. ಹಳೆಯ ಫೈಲುಗಳಿಂದ ಶಾರ್ಟ್‌ಫಾರ್ಮ್ ಹೆಕ್ಕಿ, ಪ್ರತಿಯೊಂದರ ಎದುರು ಅದು ಯಾವ ಸಾಲಿನಲ್ಲಿ ಬಂತು, ಯಾವ ಡಾಕ್ಟರು ಬರೆದರು, ಅರ್ಥವೇನು ಎಂದು ಬರೆಯಿರಿ. ಬಿಎಸ್‌ಗೆ ಒಂದಲ್ಲ, ಮೂರು ಸಾಲು ಬರುತ್ತದೆ. ಯು, ಎಂಎಸ್‌ನಂಥವಕ್ಕೆ ಕೆಂಪು ಗುರುತು ಹಾಕಿ, ಅವನ್ನು ಪ್ರತಿ ಸಲವೂ ಚಾರ್ಟಿನೊಂದಿಗೆ ತಾಳೆ ನೋಡಬೇಕು. ಆ ಪಟ್ಟಿಯ ಮೇಲೆ ಪ್ರತಿ ಡಾಕ್ಟರ ಸಹಿ, ತಾರೀಖು ಪಡೆಯಿರಿ. ಹೊಸ ಡ್ಯೂಟಿ ಡಾಕ್ಟರು ಬಂದಾಗ ಅವರಿಗೂ ತೋರಿಸಿ. ತಾವೇ ಕಟ್ಟಿದ ಶಾರ್ಟ್‌ಫಾರ್ಮ್ ತರುವವರು ಜಾಸ್ತಿ ಅವರೇ.

ಟೈಪ್ ಮುಗಿದ ಮೇಲೆ ಪೂರ್ತಿ ಮತ್ತೆ ಓದುವುದಕ್ಕಿಂತ ಲೆಕ್ಕ ಹಾಕುವುದು ಹೆಚ್ಚು ಕೆಲಸಕ್ಕೆ ಬರುತ್ತದೆ. ಮೂಲದಲ್ಲಿ ಎಷ್ಟು ಪ್ರಶ್ನಾರ್ಥಕ ಚಿಹ್ನೆ ಇದೆ, ಎಷ್ಟು ‘ಇಲ್ಲ’ ಅಥವಾ ಮೈನಸ್ ಇದೆ ಎಣಿಸಿ. ಕಾಪಿಯಲ್ಲೂ ಎಣಿಸಿ. ಎನ್/ಕೆ/ಸಿ/ಓ ಒಡೆದಿದ್ದರೆ ಒಂದು ಮೂರಾಗುತ್ತದೆ, ಅದು ಸರಿ. ಕಮ್ಮಿಯಾದರೆ ಎಲ್ಲೋ ಬಿಟ್ಟುಹೋಗಿದೆ. ಆಮೇಲೆ ಅಂಕಿಗಳು, ಎಡ-ಬಲ. ಇವನ್ನು ಒಬ್ಬರು ಮೂಲದಿಂದ ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಕಾಪಿಯಲ್ಲಿ ಬೆರಳಿಡಬೇಕು. ನೀವೇ ಬರೆದು ನೀವೇ ನೋಡಿದರೆ ಕಣ್ಣು ಬರೆದದ್ದನ್ನೇ ಓದುತ್ತದೆ.

ಬರೆದ ಡಾಕ್ಟರು ಕೆಲಸ ಬಿಟ್ಟು ಹೋಗಿದ್ದರೆ, ಹಳೆಯ ಫೈಲಿನ ಸಮ್ಮರಿ ಯಾರಾದರೂ ಕೇಳಿದರೆ ಏನು ಮಾಡುವುದು ಎಂಬ ಪ್ರಶ್ನೆಯೂ ನಿಮಗೆ ಬಂದೇ ಬರುತ್ತದೆ. ಅವರ ಬದಲು ಇನ್ನೊಬ್ಬರು ಅರ್ಥ ಹೇಳಿದರೆ ಅದು ಅವರ ಅಭಿಪ್ರಾಯ. ಅಂಥಲ್ಲಿ ಶಾರ್ಟ್‌ಫಾರ್ಮ್ ಹಾಗೇ ಟೈಪ್ ಮಾಡಿ, ಮೂಲ ಹಾಳೆಯ ಝೆರಾಕ್ಸ್ ಜೊತೆಗೆ ಲಗತ್ತಿಸಿ. ಯಾದಗಿರಿಯಿಂದ ಕಲಬುರಗಿಗೋ, ಸೊಲ್ಲಾಪುರಕ್ಕೋ, ಹೈದರಾಬಾದಿಗೋ ಹೋಗುವ ರೋಗಿಗೆ ಆ ಝೆರಾಕ್ಸ್ ಯಾವಾಗಲೂ ಕೊಟ್ಟು ಕಳಿಸಿ. ಇನ್ನು ಹೋದ ವಾರದ ಆ ಸಮ್ಮರಿ ಇನ್ನೂ ನಿಮ್ಮ ಕಂಪ್ಯೂಟರಿನಲ್ಲಿ ಹಾಗೇ ಇದ್ದರೆ, ಡಾಕ್ಟರಿಂದ ತಿದ್ದುಪಡಿ ಸಹಿ ಹಾಕಿಸಿ, ‘ತಿದ್ದಿದ ಪ್ರತಿ’ ಎಂದು ತಾರೀಖಿನ ಸಮೇತ ಮೇಲೆ ಬರೆದು ಅದೇ ಆಸ್ಪತ್ರೆಗೆ ಇವತ್ತೇ ಕಳಿಸಿಬಿಡಿ. ಹಳೆಯ ಪ್ರತಿಯನ್ನು ಅಳಿಸಬೇಡಿ, ಎರಡೂ ಫೈಲಿನಲ್ಲಿರಲಿ.